ಸೊನ್ನೆಗೆ ಸೇರದ ಗೆರೆ

ಚನ್ನಪಟ್ಟಣದ ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಹೇಳಿಕೊಡುತ್ತಿದ್ದಾಗ ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. ಮಕ್ಕಳೆಲ್ಲ ಸೈನ್ಸೇ ಬೇಕು ಅಂತ ಮುಗಿಬೀಳುತ್ತಿದ್ದರು. ಬಂದವರಿಗೆ ನಾವು ಕಲಿಸುತ್ತಿದ್ದುದೇನು? ಉತ್ತರ ಮೊದಲು ಬರೆದುಕೊಂಡು, ಅದಕ್ಕೆ ಹೊಂದುವ ರೀಡಿಂಗ್ ಆಮೇಲೆ ಹುಟ್ಟಿಸುವುದನ್ನು! ಈಗ ನೆನೆದರೂ ಮೈ ಉರಿಯುತ್ತದೆ.

ಕೆಂಗಲ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಕುರಿ ಸಾಕುವವರ ಮನೆಯವಳು, ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುವ ಸರಳ ಲೋಲಕದ ಪ್ರಯೋಗ ಮಾಡಿದಳು. ದಾರದ ಉದ್ದವನ್ನು ಮೇಲ್ಮುಖವಾಗಿ, ಆಂದೋಲನದ ಅವಧಿಯ ವರ್ಗವನ್ನು ಅಡ್ಡಲಾಗಿ ಇಟ್ಟು ಗ್ರಾಫ್ ಎಳೆದರೆ ಗೆರೆ ಸೊನ್ನೆಯ ಮೂಲಕ ಹಾಯಬೇಕು. ಇವಳದು ಸೊನ್ನೆಗಿಂತ ಒಸಿ ಕೆಳಗೆ ಹಾಯ್ದಿತ್ತು.

"ಮೇಡಂ, ತಪ್ಪು ಎಲ್ಲೈತೆ ಅಂತ ಸಿಕ್ತು. ನಾನು ಗುಂಡಿನ ಮೇಲ್ತುದಿ ತಂಕ ಮಾತ್ರ ಅಳ್ದಿವ್ನಿ, ನಡುಮಧ್ಯಕ್ಕೆ ಅಳೀಬೇಕಿತ್ತು. ಗೆರೆ ಕೆಳಗೆ ಇಳ್ದಿರದೂ ಗುಂಡಿನ ಅರ್ಧ ದಪ್ಪದಷ್ಟೇಯ," ಅಂದಳು.

ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲೂ ಅದನ್ನೇ ಬರೆದಿದ್ದಳು. ವಿಧಾನದಲ್ಲಿ ಎಲ್ಲಿಂದ ಎಲ್ಲಿಗೆ ಅಳೆದೆ ಎಂದು; ಫಲಿತಾಂಶದಲ್ಲಿ ಬಂದದ್ದನ್ನು ಬಂದ ಹಾಗೇ; ದೋಷದ ಭಾಗದಲ್ಲಿ ಗೆರೆ ಯಾಕೆ ಇಳಿಯಿತು ಎಂದು. ಎಲ್ಲ ಉದ್ದಗಳಲ್ಲೂ ಅಷ್ಟೇ ಕಡಿಮೆ ಅಳೆದಿದ್ದರಿಂದ ಗೆರೆಯ ಇಳಿಜಾರು ಕೆಟ್ಟಿಲ್ಲ, ಅದರಿಂದ ಲೆಕ್ಕ ಹಾಕಿದ ಗುರುತ್ವದ ಬೆಲೆ ಸರಿಯಾಗಿಯೇ ಇದೆ ಎಂಬುದು ಕೊನೆಯ ತೀರ್ಮಾನ. ಓದಿ ನನಗೆ ಕುಣಿಯಬೇಕೆನಿಸಿತು.

ರೆಕಾರ್ಡಿಗೆ ಸಹಿ ಹಾಕಬೇಕಾದವರು ಮಾತ್ರ ನಮ್ಮ ವಿಭಾಗದ ಹಿರಿಯ ಮೇಷ್ಟ್ರು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಅವರು ಗ್ರಾಫ್ ಮೇಲೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು, "ಹೋದ ವರ್ಷದವರ ಹಳೇ ರೆಕಾರ್ಡ್ ನೋಡ್ಕೊಂಡು ಬರಿಯಮ್ಮ" ಅಂದುಬಿಟ್ಟರು.

ನಾನು ಸ್ಟಾಫ್ ರೂಮಿನಲ್ಲೇ ಜಗಳಕ್ಕೆ ನಿಂತೆ. "ಸಾರ್, ಒಂದಕ್ಷರ ಸುಳ್ಳಿಲ್ಲ ಅದರಲ್ಲಿ. ಓದಿದೀರಾ?"

"ಓದೋದೇನ್ ಮೇಡಂ? ಎಕ್ಸಾಮಿನರ್ ಗೆರೆ ನೋಡ್ತಾನೆ, ಉತ್ತರ ನೋಡ್ತಾನೆ. ಮಾರ್ಕ್ಸ್ ಹೋದ್ರೆ ನೀವು ಕೊಡ್ತೀರಾ?"

ಕೂಗಾಡಿದೆ. ಪ್ರಿನ್ಸಿಪಾಲರ ಹತ್ತಿರವೂ ಹೋದೆ. ಅವರು ಕಾಫಿ ತರಿಸಿದರು, ಅಷ್ಟೇ.

ಅಷ್ಟರಲ್ಲಿ ಹುಡುಗಿ ಹೊಸದಾಗಿ ಬರೆದು ಸಹಿ ಹಾಕಿಸಿಕೊಂಡಿದ್ದಳು. ಚಂದದ ಗೆರೆ, ಸೊನ್ನೆಯಿಂದಲೇ ಹೊರಟದ್ದು. ಅವಳು ಎಂದೂ ಅಳೆಯದ ಅಂಕಿಗಳು. ದೋಷದ ಜಾಗದಲ್ಲಿ ಎಲ್ಲರೂ ಬರೆಯುವ ಒಂದೇ ಸಾಲು: ಗಾಳಿಯ ತಡೆ. ಪರೀಕ್ಷೆಯಲ್ಲೂ ಅದನ್ನೇ ಒಪ್ಪಿಸಿದಳಂತೆ.

ಫಲಿತಾಂಶ ಬಂದ ದಿನ ಪೇಡ ಹಿಡಿದು ಓಡೋಡಿ ಬಂದಳು. ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಅಂಕ. ಮುಖದಲ್ಲಿ ಕಪಟವೇ ಇರಲಿಲ್ಲ.

"ಸಾರ್ ಹೇಳಿದ್ದೇ ಸರಿ ಮೇಡಂ. ನಮ್ ತಂಗಿನೂ ಇಲ್ಗೇ ಸೇರ್ತಾಳೆ. ರೆಕಾರ್ಡ್ ಅವ್ಳಿಗೆ ಅಂತ ಜೋಪಾನವಾಗಿ ಎತ್ತಿಟ್ಟಿವ್ನಿ."