ಹಬ್ಬವಿಲ್ಲದ ಮನೆಗೆ ರಜಾ ಅರ್ಜಿ

ಹೊಸಪೇಟೆಯ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುವಾಗ ನನಗೆ ಕರಗತವಾದ ಏಕೈಕ ಸಾಹಿತ್ಯ ಪ್ರಕಾರವೆಂದರೆ ರಜಾ ಅರ್ಜಿ. ಇಂದ, ಇವರಿಗೆ, ವಿಷಯ, ಹೋಗುವ ದಿನ, ಮರಳುವ ದಿನ, ಕೊನೆಗೆ ‘ತಮ್ಮ ವಿಧೇಯ ವಿದ್ಯಾರ್ಥಿ’. ವಾರ್ಡನ್ ಸಾಹೇಬರು ಅದನ್ನು ಓದಿ, ಪ್ರವೇಶದ ಫಾರಂನಲ್ಲಿದ್ದ ನಂಬರಿಗೆ ತಾವೇ ಫೋನ್ ಹಚ್ಚುತ್ತಿದ್ದರು. ನಾವು ಬಾಯಲ್ಲಿ ಹೇಳಿದ ನಂಬರಿಗೆ ಬೆಲೆಯಿರಲಿಲ್ಲ. ಹಿಂದೆ ಎಷ್ಟೋ ಸೀನಿಯರ್‌ಗಳು ಫೋನಿನಲ್ಲಿ ಎಷ್ಟೋ ಹುಡುಗರಿಗೆ ತಂದೆಯಾಗಿದ್ದರಂತೆ. ಮನೆಯವರು ಹೂಂ ಅಂದರೆ ಸಹಿ. ಸಹಿಯಾದ ಅರ್ಜಿ ತೋರಿಸಿದರೆ ಗೇಟಿನಿಂದ ಬಿಡುಗಡೆ.

ಆ ಬೇಸಿಗೆಯಲ್ಲಿ ಅವ್ವ ತೀರಿಕೊಂಡಿದ್ದಳು. ಶ್ರಾವಣದಲ್ಲಿ ನಾಗರ ಪಂಚಮಿ ಬಂತು. ನಮ್ಮೂರು ಮೆಟ್ರಿಯ ಮನೆಯಲ್ಲಿ ಅಪ್ಪ, ತಂಗಿ ಇಬ್ಬರೇ. ಸಾವಾದ ಮನೆಗೆ ವರ್ಷ ತುಂಬುವ ತನಕ ಹಬ್ಬವಿಲ್ಲ. ಒಲೆಯ ಮೇಲೆ ಎಣ್ಣೆ ಬಾಣಲೆ ಏರುವುದಿಲ್ಲ, ಜೋಕಾಲಿ ಕಟ್ಟುವುದಿಲ್ಲ. ಓಣಿಯವರೇ ತಟ್ಟೆಗಳಲ್ಲಿ ಎಳ್ಳು, ಶೇಂಗಾದ ಉಂಡಿ ತಂದುಕೊಡುತ್ತಾರೆ. ಆ ತಟ್ಟೆಗಳು ಬರುವ ಹೊತ್ತಿಗೆ ತಂಗಿಯ ಪಕ್ಕದಲ್ಲಿ ನಾನಿರಬೇಕು ಎಂಬುದಷ್ಟೇ ನನ್ನ ಆಸೆ. ಅದನ್ನು ಬರೆಯಲು ಕೈ ಏಳಲಿಲ್ಲ. ಎಲ್ಲರಂತೆ ‘ಪಂಚಮಿ ಹಬ್ಬದ ಪ್ರಯುಕ್ತ’ ಎಂದು ಬರೆದೆ.

ವಾರ್ಡನ್ ನನ್ನೆದುರೇ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. “ಏನ್ರೀ, ಮನ್ಯಾಗ ಹಬ್ಬ ಜೋರೇನು?”

“ಇಲ್ರೀ ಸರ್,” ಎಂದ ಅಪ್ಪ. “ಈ ವರ್ಷ ನಮಗ ಹಬ್ಬ ಇಲ್ರಿ.”

ಫೋನ್ ಇಟ್ಟು ಸಾಹೇಬರು ನ್ಯಾಯಪೀಠದಿಂದ ನೋಡಿದಂತೆ ನೋಡಿದರು. “ಏನಲೇ, ನಿಮ್ಮಪ್ಪಗ ಇಲ್ಲದ ಹಬ್ಬ ನಿನಗೆಲ್ಲಿಂದ ಬಂತು?”

ಹೇಳಲೇಬೇಕಾಯಿತು, ಹೇಳಿದೆ. ಅವರು ಅರ್ಜಿಯನ್ನು ಬದಿಗೆ ಸರಿಸಿ ಒಂದು ಬಿಳಿ ಹಾಳೆ ಕೊಟ್ಟರು.

“ಕುಂದ್ರು. ಮೊದಲ ಹಿಂಗಂತ ಬರೀಬಾರದೇನಪಾ? ಬ್ಯಾರೆ ಬರಿ.”

ಬರೆದೆ. ವಿಷಯ: ತಾಯಿ ತೀರಿಕೊಂಡು ಮನೆಯಲ್ಲಿ ಹಬ್ಬವಿಲ್ಲದ ಕಾರಣ ಊರಿಗೆ ಹೋಗಲು ಅನುಮತಿ ಕೋರಿ. ಹೊಸ ಅರ್ಜಿಗೆ ಹೊಸ ಒಪ್ಪಿಗೆ ಬೇಕೆಂಬುದು ನಿಯಮ. ಮತ್ತೆ ಫೋನ್ ಹೋಯಿತು.

“ಹುಡುಗನ್ನ ಕಳಸ್ಲೇನ್ರಿ?”

ಅಪ್ಪ ತಡೆದು ಹೇಳಿದ, “ಬ್ಯಾಡ್ರಿ ಸರ್. ಇಲ್ಲಿ ಬಂದು ಏನ್ ಮಾಡ್ತಾನ? ಅಲ್ಲಿ ಹಬ್ಬದ ಊಟನಾರ ಸಿಗತೈತಿ.”

“ನಾ ಬರ್ತೀನಪಾ!” ಎಂದು ಕೂಗಿದೆ.

“ಸುಮ್ನಿರಲೇ. ಹೋಳಿಗಿ ಮಾಡ್ತಾರಂತಲ್ಲ, ಉಣ್ಣು,” ಎಂದ ಅಪ್ಪ.

ಸಾಹೇಬರ ಪೆನ್ನು ಅರ್ಜಿಯ ಮೇಲೆ ಬಹಳ ಹೊತ್ತು ನಿಂತಿತ್ತು. ‘ಪೋಷಕರ ಒಪ್ಪಿಗೆ ಇಲ್ಲ’ ಎಂದು ಬರೆಯುವಾಗ ಅವರು ನನ್ನ ಮುಖ ನೋಡಲಿಲ್ಲ. ತಕರಾರು ಮಾಡಲು ನಿಯಮದಲ್ಲಿ ಒಂದು ಲೋಪವೂ ಇರಲಿಲ್ಲ.

ಹಬ್ಬದ ಮಧ್ಯಾಹ್ನ, ಹೆಚ್ಚುಕಡಿಮೆ ಖಾಲಿಯಾದ ಊಟದ ಕೋಣೆಯಿಂದ ತಂಗಿಗೆ ಫೋನ್ ಮಾಡಿದೆ.

“ಉಂಡಿ ಬಂದ್ವೇನು?”

“ಭಾಳ ಬಂದಾವ. ಅಪ್ಪ ಮುಟ್ಟೇ ಇಲ್ಲ. ನೀ ಹೋಳಿಗಿ ಉಂಡ್ಯಾ ಅಣ್ಣಾ?”

“ನಾಕು,” ಎಂದೆ. ನನ್ನ ತಟ್ಟೆಯಲ್ಲಿದ್ದ ಒಂದೇ ಹೋಳಿಗೆಯನ್ನು ಇನ್ನೂ ಮುರಿದಿರಲಿಲ್ಲ.

“ಅಪ್ಪಾ, ಅಣ್ಣ ನಾಕು ಉಂಡಾನಂತ!” ಎಂದು ಅವಳು ಒಳಗೆ ಕೂಗಿ ಹೇಳಿದಳು. ನಾನು ಫೋನ್ ಕಿವಿಗಿಟ್ಟುಕೊಂಡೇ ತಟ್ಟೆಯ ಹೋಳಿಗೆ ಮುರಿದೆ.