ಬಾಯಿ ಮುಕ್ಕಳಿಸದ ದಿನಗಳು

ನನ್ನ ತಮ್ಮನಿಗೆ ಹಿಮೋಫಿಲಿಯಾ. ಗಾಯವಾದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಅವನ ಮೈಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಕಡೆಯಿಂದ ಬರುವ ತೊಂದರೆ ಅದು. ನನಗೆ ಬರಲಿಲ್ಲ, ಅವನಿಗೆ ಬಂತು. ನಾನು ಚಾಮರಾಜನಗರದಲ್ಲಿ ವರದಿಗಾರ. ಅವನು ಭೀಮನಬೀಡಿನಲ್ಲಿ ಅವ್ವನ ಜೊತೆ ಇದ್ದು ಅರಿಸಿನ, ಚೆಂಡುಹೂ ಬೆಳೆಯುತ್ತಾನೆ.

ಅವನ ಕೆಳದವಡೆಯ ಒಂದು ಹಲ್ಲು ಹುಳುಕು ಹಿಡಿದು ಒಡೆದಿತ್ತು. ಕೆನ್ನೆ ಊದುವುದು, ಮಾತ್ರೆ ನುಂಗಿದರೆ ಇಳಿಯುವುದು, ಮತ್ತೆ ಊದುವುದು. ಗುಂಡ್ಲುಪೇಟೆಯ ದಂತವೈದ್ಯರು ಕಾಯಿಲೆಯ ಹೆಸರು ಕೇಳಿದವರೇ, ಇದು ಇಲ್ಲಿ ಮಾಡುವ ಕೆಲಸವಲ್ಲ ಎಂದು ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟಿದ್ದರು. ಹೋಗಲು ಬಿಡದವಳು ಅವ್ವ. ಅವಳ ಒಬ್ಬನೇ ಅಣ್ಣ, ಅಂದರೆ ನಮ್ಮ ಸೋದರಮಾವ, ಸಂತೆಮರಹಳ್ಳಿಯಲ್ಲಿ ಹಲ್ಲು ಕೀಳಿಸಿಕೊಂಡು ಬಂದು ರಕ್ತ ನಿಲ್ಲದೆ ಸತ್ತಿದ್ದ. ಅವ್ವ ಆಗ ಲಂಗ ಉಡುವ ಹುಡುಗಿ. ಕಾಯಿಲೆಗೆ ಹೆಸರಿದೆ ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಲ್ಲು ಕಿತ್ತವನನ್ನು ನೆಂಟರು ಇವತ್ತಿಗೂ ಬಯ್ಯುತ್ತಾರೆ.

"ಊದ್ಕೊಂಡೇ ಇರ್ಲಿ ಬುಡು. ಕೆನ್ನೆ ಊದಿ ಯಾರೂ ಸತ್ತಿಲ್ಲ" ಎನ್ನುತ್ತಿದ್ದಳು.

ಸಾಯುವುದೂ ಉಂಟು, ಕೀವು ಕತ್ತಿಗೆ ಇಳಿದರೆ ಉಸಿರೇ ಕಟ್ಟಬಹುದು ಎಂದು ನಾನು ಹೇಳಿದ ಮೇಲೆ, ಕೇಳಿಸಿಕೊಂಡು ಬರುತ್ತೇನೆ, ಅಷ್ಟೆ, ಎಂದು ನಮ್ಮ ಜೊತೆ ಹೊರಟಳು.

ಜಿಲ್ಲಾಸ್ಪತ್ರೆಯ ದಂತವೈದ್ಯೆ ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಅವಸರವಿಲ್ಲದೆ ವಿವರಿಸಿದರು. ಇವನಲ್ಲಿ ಕಡಿಮೆ ಇರುವ ಅಂಶವನ್ನು ತುಂಬುವ ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟರೂ ಕೆಲವರ ಮೈ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ, ಆದ್ದರಿಂದ ಮೊದಲು ಆ ಪರೀಕ್ಷೆ. ಆಮೇಲೆ ತೂಕ ನೋಡಿ ಎಷ್ಟು ಕೊಡಬೇಕೆಂದು ಫಿಜಿಶಿಯನ್ ನಿರ್ಧರಿಸುತ್ತಾರೆ. ಇಂಜೆಕ್ಷನ್ ರಕ್ತಕ್ಕೆ ಸೇರಿದ ಮೇಲೆಯೇ, ಅದರ ಬಲ ಇರುವಾಗಲೇ ಹಲ್ಲು ಕೀಳುವುದು. ಸೋಮವಾರ ಬೆಳಿಗ್ಗೆ ಮಾಡಿದರೆ ಒಳ್ಳೆಯದು, ಮತ್ತೆ ರಕ್ತ ಬಂದರೂ ಮುಂದಿನ ದಿನಗಳಲ್ಲಿ ವೈದ್ಯರೆಲ್ಲ ಆಸ್ಪತ್ರೆಯಲ್ಲಿ ಇರುತ್ತಾರೆ ಎಂದರು. ಸೋಮವಾರ ಅವ್ವನ ಉಪವಾಸದ ದಿನ.

ಕೊನೆಗೆ ವೈದ್ಯೆ ಮನೆಯಲ್ಲಿ ಮಾಡಬಾರದ್ದನ್ನು ಹೇಳಿದರು. ಹಲ್ಲು ಕಿತ್ತ ಕುಳಿಯಲ್ಲಿ ಕಟ್ಟುವ ಹೆಪ್ಪೇ ಮುಚ್ಚಳ, ಅದನ್ನು ಕದಲಿಸಬಾರದು. ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬಿಸಿ ಯಾವುದೂ ಬೇಡ.

"ಬಿಸ್ನೀರು ಕೊಟ್ರೆ ಏನಾಯ್ತದವ್ವ?" ಅವ್ವ ಕೇಳಿದಳು.

ಹೆಪ್ಪು ಕರಗಿ ಮತ್ತೆ ರಕ್ತ ಬರುತ್ತದೆ ಎಂದರು.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ನಮ್ಮಣ್ಣಂಗೆ ನಾನೇ ಕಾಯ್ಸಿ ಕಾಯ್ಸಿ ಕೊಟ್ಟೆ. ಉಪ್ಪಾಕಿ. ರಕ್ತ ಬಂದಂಗೆಲ್ಲ ಮುಕ್ಕಳ್ಸಿ ಉಗೀ ಅಂತ."

ಇಷ್ಟು ವರ್ಷದಲ್ಲಿ ಇದನ್ನು ನಾವಿಬ್ಬರೂ ಕೇಳಿರಲಿಲ್ಲ. ತಮ್ಮ ನನ್ನ ಮುಖ ನೋಡಿದ.

ವೈದ್ಯೆ ಪೆನ್ನು ಕೆಳಗಿಟ್ಟರು. "ಆವಾಗ ಈ ಇಂಜೆಕ್ಷನ್ ಇಲ್ಲೆಲ್ಲ ಎಲ್ಲಿತ್ತಮ್ಮ? ನೀವು ನೀರು ಕೊಡದೇ ಇದ್ದಿದ್ರೂ ನಿಲ್ತಿರಲಿಲ್ಲ."

ಒಬ್ಬರ ಮಾತನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಬರೆಯುವವನಲ್ಲ ನಾನು. ವೈದ್ಯೆಯ ಈ ಮಾತನ್ನು ಮಾತ್ರ ಯಾರ ಬಳಿಯೂ ವಿಚಾರಿಸಲಿಲ್ಲ.

"ಸೋಮ್ವಾರ್ವೇ ಕೀಳಿ" ಎಂದಳು ಅವ್ವ.

ಪರೀಕ್ಷೆಯಲ್ಲಿ ಅಡ್ಡಿ ಕಾಣಲಿಲ್ಲ. ಆ ಸೋಮವಾರ ತಮ್ಮನ ಕೈಯ ನರಕ್ಕೆ ಫ್ಯಾಕ್ಟರ್ ನಿಧಾನವಾಗಿ ಏರಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಹಲ್ಲಿನ ಸುತ್ತ ಮರಗಟ್ಟಿಸಿ, ಬೇರು ಮುರಿಯದಂತೆ ಮೆಲ್ಲನೆ ಸಡಿಲಿಸಿ ತೆಗೆದರು. ಕುಳಿಗೆ ರಕ್ತ ಕಟ್ಟುವ ಸ್ಪಂಜು ತುಂಬಿ ಹೊಲಿಗೆ ಹಾಕಿ, ಮಡಿಸಿದ ಹತ್ತಿಬಟ್ಟೆ ಕಚ್ಚಿಸಿದರು. ಹೆಪ್ಪು ಬೇಗ ಕರಗದಿರಲು ಮಾತ್ರೆ. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವುದನ್ನೂ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬಾರದು ಎಂದು ಎಚ್ಚರಿಸಿದರು. ಊರು ದೂರವೆಂದು ತಮ್ಮ, ಅವ್ವ ಇಬ್ಬರೂ ನನ್ನ ಮನೆಯಲ್ಲೇ ಉಳಿದರು.

ಮುದ್ದೆ ಅಗಿಯುವುದಲ್ಲ, ನುಂಗುವುದು, ಅದಕ್ಕೆ ಹಲ್ಲು ಯಾಕೆ ಎಂದು ತಮ್ಮ ವಾದ ಹೂಡಿದ. ಅವ್ವ ಒಪ್ಪಲಿಲ್ಲ, ಬಿಸಿ ಮುದ್ದೆ ಬಾಯಿಗೆ ಆಗದು, ಆರಿದ ಮುದ್ದೆ ಕಲ್ಲು. ತಣಿದ ಅಂಬಲಿಯನ್ನೇ ಕುಡಿಸಿದಳು. ಕುಡಿದವನು ಎದ್ದು, ಹುಟ್ಟಿದಾಗಿನಿಂದ ಮಾಡುವ ಹಾಗೆ ಬಚ್ಚಲಿಗೆ ಹೋಗಿ ಚೆಂಬು ಎತ್ತಿದ. ಅವ್ವ ಹಿಂದೆಯೇ ಇದ್ದಳು. ಕೈಯಿಂದ ಚೆಂಬು ಕಿತ್ತುಕೊಂಡಳು.

"ನುಂಗು ಕಣ್ಲಾ."

"ಎಂಜಲು ಬಾಯವ್ವ."

"ಎಂಜ್ಲಾದ್ರೆ ಆಗ್ಲಿ. ಬಾಯಿ ತೆಗಿ." ಮೊಬೈಲ್ ಟಾರ್ಚ್ ನನ್ನ ಕೈಲಿ ಹಿಡಿಸಿ ಅವನ ಬಾಯೊಳಗೆ ನೋಡಿದಳು. ಕುಳಿಯಲ್ಲಿ ಕಪ್ಪಗೆ ಹೆಪ್ಪು ಕೂತಿತ್ತು. ರಕ್ತ ಜಿನುಗುತ್ತಿರಲಿಲ್ಲ. ಆ ಚೆಂಬನ್ನು ಅವಳು ಎಲ್ಲಿಟ್ಟಳೋ, ಅವರು ಇದ್ದಷ್ಟು ದಿನ ನನ್ನ ಕಣ್ಣಿಗೆ ಬೀಳಲಿಲ್ಲ.

ಮತ್ತೆ ತೋರಿಸಲು ಹೋದಾಗ ವೈದ್ಯೆ, ಗಾಯ ಚೆನ್ನಾಗಿ ಕೂಡಿಕೊಳ್ಳುತ್ತಿದೆ, ಇನ್ನು ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲನೆ ಆಡಿಸಬಹುದು ಎಂದರು. ಮನೆಗೆ ಬಂದ ತಮ್ಮ ಸಂಭ್ರಮದಿಂದ ನೀರು ಕೇಳಿದ.

ಅವ್ವ ಉಪ್ಪಿನ ಡಬ್ಬಿ ತೆಗೆದು ಒಲೆಯ ಪಕ್ಕ ಇಟ್ಟಳು. "ನೀರು ನೀನೇ ಕಾಯ್ಸ್ಕೊ ಮಗ" ಎಂದು ಹೊರಗೆ ಹೋಗಿ ಕೂತಳು.