ಮನೆಯಲ್ಲೇ ಇದ್ದೆ ಎಂಬುದಕ್ಕೆ ಸಾಕ್ಷಿ

ಆನ್‌ಲೈನ್‌ನಲ್ಲಿ ತರಿಸಿದ ಹೊಲಿಗೆ ಮೆಷಿನ್ ಬಂದ ದಿನವೇ ಕೈಕೊಟ್ಟಿತು. ಮೋಟಾರು ಗುಂಯ್ ಎನ್ನುತ್ತಿತ್ತು, ಸೂಜಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಹೊಸದು ಬರುತ್ತದೆಂಬ ಸಡಗರದಲ್ಲಿ ಹಳೆಯ ಮೆಷಿನನ್ನು ತಲ್ಲೂರಿನ ಒಬ್ಬಳಿಗೆ ಆಗಲೇ ಕೊಟ್ಟುಬಿಟ್ಟಿದ್ದೆ. ಬ್ರಹ್ಮಾವರದಲ್ಲಿ ಹೆದ್ದಾರಿಯಿಂದ ಒಳಗೆ ಬರುವ ಓಣಿಯ ಕೊನೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು, ರವಿಕೆ ಹೊಲಿದು ಬದುಕುವವಳು ನಾನು. ಮೆಷಿನ್ ಇಲ್ಲದಿದ್ದರೆ ನನಗೆ ಕೆಲಸವೂ ಇಲ್ಲ, ಮಾತಿಗೆ ಬರುವವರೂ ಇಲ್ಲ. ಅಳತೆ ಕೊಡಲು ಬಂದವರೇ ನನ್ನ ನೆಂಟರು.

ಫೋನಿನಲ್ಲೇ ರಿಟರ್ನ್ ಹಾಕಿದೆ. ಕೆಟ್ಟದ್ದನ್ನು ಕೊರಿಯರ್‌ನವರು ಒಯ್ದ ಮೇಲೆ ಬದಲಿಗೆ ಬೇರೆಯದು ಕಳಿಸುತ್ತಾರಂತೆ. ಮಾರನೆಯ ದಿನ ಬೆಳಿಗ್ಗೆಯಿಂದ ಸಂಜೆಯೊಳಗೆ ಬರುತ್ತಾರೆ, ವಸ್ತು ಸಿದ್ಧವಿರಲಿ ಎಂದು ಬರೆದಿತ್ತು. ಸಿದ್ಧ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಉಪ್ಪುಂದದ ತವರಿನಿಂದ ಮುಂಬೈ ಬಸ್ಸಿಗೆ ಅಕ್ಕಿ, ಹಪ್ಪಳದ ಗಂಟು ಹೊಲಿದು ಕಳಿಸಿಯೇ ಬೆಳೆದವಳು. ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ದಬ್ಬಣದಿಂದ ನಾಲ್ಕೂ ಮಗ್ಗುಲು ಹೊಲಿದು, ಮೇಲೆ ವಿಳಾಸ ಬರೆದು ಜಗಲಿಯಲ್ಲಿಟ್ಟೆ. ಮುಂಬೈ ಅಲ್ಲ, ದುಬೈಗೆ ಹೋದರೂ ಬಿಚ್ಚಿಕೊಳ್ಳದ ಹಾಗಿತ್ತು ಆ ಗಂಟು.

ಅವರು ಬರಬೇಕಾದ ದಿನ ನಾನು ಸ್ನಾನಕ್ಕೂ ಮುಂಬಾಗಿಲು ತೆರೆದಿಟ್ಟೇ ಹೋದೆ. ಯಾರೂ ಬರಲಿಲ್ಲ. ಸಂಜೆ ಫೋನಿನಲ್ಲಿ ಒಂದು ಸಾಲು ಬಂತು: ಗ್ರಾಹಕರು ಲಭ್ಯವಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇಡೀ ಬ್ರಹ್ಮಾವರದಲ್ಲಿ ನನ್ನಷ್ಟು ಲಭ್ಯವಿರುವ ಇನ್ನೊಬ್ಬ ಹೆಂಗಸನ್ನು ಹುಡುಕಿ ತನ್ನಿ ನೋಡೋಣ. ಮರುದಿನವೂ ಅದೇ ಕಾಯುವಿಕೆ, ಅದೇ ಸಾಲು. ಜೊತೆಗೆ ಇನ್ನೊಂದು: ಮೂರನೆಯ ಸಲವೂ ಸಿಗದಿದ್ದರೆ ಕೋರಿಕೆ ತಾನಾಗಿ ರದ್ದಾಗುತ್ತದೆ. ಹಿಂದಿರುಗಿಸುವ ಅವಧಿ ಆಗಲೇ ಮುಗಿಯುತ್ತಾ ಬಂದಿತ್ತು. ರದ್ದಾದರೆ ಈ ಸತ್ತ ಮೆಷಿನ್ ನನ್ನ ಕುತ್ತಿಗೆಗೇ.

ಸಹಾಯವಾಣಿಗೆ ಫೋನು ಹಚ್ಚಿದೆ. ಆ ಕಡೆಯ ಹೆಣ್ಣುದನಿ ನಯವಾಗಿ ಕೇಳಿತು, "ನೀವು ಮನೆಯಲ್ಲಿದ್ದಿರಿ ಅನ್ನೋದಕ್ಕೆ ಏನಾದರೂ ಆಧಾರ ಇದೆಯಾ ಮೇಡಂ? ಮನೆಯಲ್ಲಿ ಬೇರೆ ಯಾರಾದರೂ ಇದ್ದರಾ?"

ಇಲ್ಲ ಎಂದೆ. ಫೋನು ಇಟ್ಟುಬಿಟ್ಟೆ.

ಮೂರನೆಯ ದಿನ ಅವರು ಬರುವ ಹೊತ್ತಿಗೆ ಮೊದಲೇ ಪೇಟೆಗೆ ಓಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯವರೊಬ್ಬರಿದ್ದಾರೆ. ಅವರ ಹೆಂಡತಿಯ ರವಿಕೆಗಳೆಲ್ಲ ನನ್ನವೇ. ಆಗಷ್ಟೇ ಶಟರ್ ಎತ್ತುತ್ತಿದ್ದರು. ಜಗಲಿಯ ಗಂಟಿನ ಫೋಟೋ ತೋರಿಸಿದೆ. ನೋಡಿ ನಕ್ಕರು.

"ಎಂತ ಅಕ್ಕ ಇದ್, ಮುಂಬೈ ಪಾರ್ಸೆಲ್ಲಾ? ಅವ್ರ್ ಒಳ್ಗೆ ಮೆಷಿನ್ ಕಾಣ್ದೆ ತಕಂಡ್ ಹೋತಿಲ್ಲೆ. ಇದ್ರೊಳ್ಗೆ ಕಲ್ಲಿದ್ರೂ ಗೊತ್ತಾತಿಲ್ಲೆ."

ಅವರ ಮಾತು ಸರಿಯಿತ್ತು. ಮೊದಲು ಹೊಲಿಗೆ ಬಿಚ್ಚಬೇಕು. ಪೆಟ್ಟಿಗೆ ತೆರೆದಿಟ್ಟು ಮೆಷಿನ್, ಅದರ ಸೀರಿಯಲ್ ನಂಬರು, ಜೊತೆಗೆ ಬಂದ ಸಾಮಾನುಗಳೆಲ್ಲ ಕಾಣುವಂತೆ ಫೋಟೋ ತೆಗೆಯಬೇಕು. ಆಮೇಲೆ ಮುಚ್ಚಿ ಬಾಗಿಲಲ್ಲಿಟ್ಟು ಇನ್ನೊಂದು. ಫೋನಿನ ಲೊಕೇಶನ್ ಆನ್ ಇದ್ದರೆ ಹೊತ್ತೂ ಜಾಗವೂ ಫೋಟೋದೊಳಗೇ ಕೂತಿರುತ್ತವೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಅತ್ತಿತ್ತ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಮೂಲ ಫೋಟೋವನ್ನೇ ಇಟ್ಟುಕೊಳ್ಳಿ ಎಂದರು. ಕೊರಿಯರ್‌ನವರ ಕರೆ ಬಂದಿಲ್ಲ ಎನ್ನಲು ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್.

"ಎಲ್ಲಕ್ಕಿಂತ ದೊಡ್ಡದ್ ಎಂತ ಗೊತ್ತಿತ್ತಾ? ಹೊತ್ತ್ ಮುಗುಕ್ ಮುಂಚೆ ಅವ್ರ್ ಚಾಟಲ್ಲೇ ಬರೀನಿ, ಮೆಷಿನ್ ರೆಡಿ ಇತ್ತ್, ನಾನ್ ಮನೆಯಂಗೇ ಇದ್ದೆ ಅಂದೇಳಿ. ಅದ್ ಅವ್ರ ಕಂಪ್ಯೂಟರಂಗೇ ಉಳಿತ್ತ್. ನಾಳೆ ಹೇಳ್ರೆ ಕತಿ ಕಟ್ಟಿದ್ ಅಂಬ್ರ್."

ಮನೆಗೆ ಓಡಿಬಂದು ಹಾಗೆಯೇ ಮಾಡಿದೆ. ಬೆಳಿಗ್ಗೆ ಬರೆದೆ, ಮಧ್ಯಾಹ್ನ ಬರೆದೆ, ಸಂಜೆಯಾಗುವ ಮೊದಲು ಬರೆದೆ. ಮೆಷಿನ್ ಸಿದ್ಧವಿದೆ, ನಾನು ಮನೆಯಲ್ಲಿದ್ದೇನೆ. ಯಾವ ಮನುಷ್ಯರೂ ಓದದ ಆ ಚಾಟಿನಿಂದ ಪ್ರತಿ ಸಲವೂ ನಮಸ್ಕಾರ, ಧನ್ಯವಾದ ಎಂಬ ಉತ್ತರ ಬರುತ್ತಿತ್ತು. ಅಂಗಡಿಯವರನ್ನು ಬಿಟ್ಟರೆ ಆ ದಿನ ನನ್ನೊಡನೆ ಅಷ್ಟಾದರೂ ಮಾತಾಡಿದ್ದು ಅದೊಂದೇ. ಸಂಜೆ ಮತ್ತೆ ಅದೇ ಸಾಲು ಬಂದು ಕೋರಿಕೆ ರದ್ದಾಯಿತು.

ಓಣಿಯ ಬಾಯಲ್ಲಿರುವ ಮನೆಯ ಗೇಟಿಗೆ ಕ್ಯಾಮೆರಾ ಇದೆ. ಹಳೆಯ ದಿನಗಳ ವಿಡಿಯೋ ಅಳಿಸಿಹೋಗುವ ಮೊದಲು ಕೇಳಬೇಕೆಂದು ಮರುದಿನ ಬೆಳಿಗ್ಗೆಯೇ ಹೋದೆ. ಆ ಮನೆಯವರು ಬೇಸರಿಸದೆ ಹಾಕಿ ತೋರಿಸಿದರು. ಮೊದಲೆರಡು ದಿನ ಕೊರಿಯರ್ ಬೈಕಿನ ಸುಳಿವೇ ಇಲ್ಲ. ಮೂರನೆಯ ದಿನ ಮಧ್ಯಾಹ್ನ ದೊಡ್ಡ ಚೀಲ ಹೊತ್ತ ಒಂದು ಬೈಕು ಬಂದು ಓಣಿಯ ಬಾಯಲ್ಲೇ ನಿಂತಿತು. ಸವಾರ ನನ್ನ ಮನೆಯ ಕಡೆ ಕೈ ತೋರಿಸಿ ಏನೋ ಕೇಳಿದ. ನನ್ನ ಪಕ್ಕದ ಮನೆಯಾಕೆ, ಮೀನಿನ ಚೀಲ ಹಿಡಿದು ಎದುರಿಗೆ ಬರುತ್ತಿದ್ದವರು, ಇಲ್ಲವೆಂಬಂತೆ ಕೈಯಾಡಿಸಿದರು. ಬೈಕು ತಿರುಗಿ ಹೋಯಿತು. ಆ ತುಣುಕನ್ನು ನನ್ನ ಫೋನಿಗೆ ಹಾಕಿಸಿಕೊಂಡೆ.

ಸಿಟ್ಟಿನಲ್ಲೇ ಆಕೆಯ ಅಂಗಳಕ್ಕೆ ನಡೆದೆ. ಬಂಗುಡೆ ಕೊಯ್ಯುತ್ತಾ ಕೂತಿದ್ದರು.

"ನಾನಿಲ್ಲ ಅಂತ ಹೇಳಿದ್ರಾ ಅವನಿಗೆ?"

ಆಕೆ ಕತ್ತಿ ಕೆಳಗಿಟ್ಟು ಗಾಬರಿಯಿಂದ ನೋಡಿದರು. "ಹ್ವಾಯ್, ನೀವ್ ಇದ್ದಿದ್ರಿಯಾ? ಮೆಷಿನ್ ಸದ್ದೇ ಇಲ್ದಿತ್ತಲೆ, ಉಪ್ಪುಂದಕ್ಕೆ ಹೋಯ್ದ್ರಿ ಅಂದೇಳಿ ಎಣ್ಸ್ದೆ. ದಿನಾ ಕೇಂತಿದ್ದ್ ಸದ್ದ್ ನಿಂತಿತ್ತ್, ಹಂಗಾಯಿ ಇಲ್ಲೆ ಅಂದೆ."

ಆಕೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನ್ನ ಸಿಟ್ಟು ನಿಲ್ಲಲು ಜಾಗವಿಲ್ಲದೆ ಇಳಿದುಹೋಯಿತು. ಇಷ್ಟು ವರ್ಷ ನಾವಿಬ್ಬರೂ ಗೋಡೆಯಾಚೆಯಿಂದ ಊಟ ಆಯ್ತಾ ಎಂದು ಕೇಳಿಕೊಂಡವರು. ಒಂದು ಲೋಟ ಚಾ ಕುಡಿದು ಎದ್ದು ಬಂದೆ.

ಫೋಟೋ, ಕರೆಗಳ ಪಟ್ಟಿ, ಚಾಟು, ಬೈಕು ನನ್ನ ಗೇಟಿಗೆ ಬಾರದೆಯೇ ತಿರುಗಿದ ವಿಡಿಯೋ, ಎಲ್ಲವನ್ನೂ ಅಂಗಡಿಯವರು ಒಂದೇ ಇಮೇಲಿನಲ್ಲಿ ಕಂಪನಿಯ ದೂರು ಅಧಿಕಾರಿಗೆ ಕಳಿಸಿಕೊಟ್ಟರು. ಉತ್ತರಕ್ಕೆ ಕಾದು ಕಾದು ಸಾಕಾಯಿತು. ಕೊನೆಗೂ ಬಂತು: ವಸ್ತು ಸಮಯಕ್ಕೆ ಸಿದ್ಧವಿತ್ತು, ಗ್ರಾಹಕರು ಮನೆಯಲ್ಲಿದ್ದರು ಎಂದು ಒಪ್ಪಿದ್ದೇವೆ. ಮತ್ತೊಬ್ಬ ಬಂದು ಪೆಟ್ಟಿಗೆ ತೆರೆದು ನೋಡಿ, ನನ್ನ ಫೋನಿಗೆ ರಸೀದಿ ಕಳಿಸಿ, ಮೆಷಿನ್ ಹೊತ್ತುಕೊಂಡು ಹೋದ.

ಗೆದ್ದೆನೆಂದು ಕುಣಿಯಬೇಕಿತ್ತು. ಆದರೆ ಎಲ್ಲೋ ದೂರದ ಊರಿನ, ನನ್ನ ಮುಖ ಕಾಣದ ಜನ ನಾನು ಮನೆಯಲ್ಲಿದ್ದೆ ಎಂದು ಒಪ್ಪಿದ ದಿನವೇ ನನಗೆ ಇನ್ನೊಂದು ಯೋಚನೆ ಹತ್ತಿದ್ದು. ಅಷ್ಟು ದಿನ ನನ್ನ ಮನೆಯಿಂದ ಸದ್ದಿರಲಿಲ್ಲ. ಒಂದು ಗೋಡೆಯಾಚೆ ಇದ್ದವರಿಗೆ ನಾನು ಊರಿಗೆ ಹೋಗಿದ್ದೇನೆ ಅನ್ನಿಸಿತೇ ಹೊರತು ಒಮ್ಮೆ ಬಾಗಿಲು ತಟ್ಟಿ ನೋಡೋಣ ಅನ್ನಿಸಲಿಲ್ಲ. ಕಾಲು ಜಾರಿ ಬಿದ್ದು ಬಚ್ಚಲಲ್ಲೇ ಇದ್ದಿದ್ದರೂ ಅವರ ಲೆಕ್ಕದಲ್ಲಿ ನಾನು ಉಪ್ಪುಂದದಲ್ಲೇ ಇರುತ್ತಿದ್ದೆ.

ಬದಲಿ ಮೆಷಿನ್ ಬಂದಿದೆ, ಚೆನ್ನಾಗಿ ಓಡುತ್ತದೆ. ಹೊಲಿಯಲು ಏನೂ ಇಲ್ಲದ ದಿನ ನಾನು ಸೂಜಿಯಿಂದ ದಾರ ತೆಗೆದು, ಬಟ್ಟೆ ಇಡದೆ, ಅದನ್ನು ಸ್ವಲ್ಪ ಹೊತ್ತು ಬರಿದೇ ಓಡಿಸುತ್ತೇನೆ. ಪಕ್ಕದ ಮನೆಗೆ ಕೇಳಿಸಲಿ ಎಂದು.